ಬೆಕ್ಕಿನ ಕ್ರಿಯಾಟಿನಿನ್ ಏರಿದಾಗ ಒಂದೇ ರಿಪೋರ್ಟ್ ಸಾಲದು

ಕುಷ್ಟಗಿ, ಯಲಬುರ್ಗಾದಂಥ ಊರುಗಳಲ್ಲಿ ಬೆಕ್ಕಿನ ರಕ್ತ ಮನುಷ್ಯರ ಲ್ಯಾಬಿಗೆ ಹೋಗುವುದು ಹೊಸದೇನಲ್ಲ. ತೊಡಕಿರುವುದು ಅಂಕಿಯ ಪಕ್ಕದಲ್ಲಿ ಅಚ್ಚಾಗುವ ಸಹಜ ಮಿತಿಯಲ್ಲಿ. ಅದು ಮನುಷ್ಯರದು. ಕ್ರಿಯಾಟಿನಿನ್ 1.5 ಇದ್ದರೆ ಆ ರಿಪೋರ್ಟ್ 'ಹೆಚ್ಚು' ಎನ್ನುತ್ತದೆ; ಬೆಕ್ಕಿಗೆ ಅದೊಂದರಿಂದಲೇ ಕಿಡ್ನಿ ಕೆಟ್ಟಿದೆ ಎನ್ನಲಾಗದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಗಾವತಿಯ ಏಪ್ರಿಲ್ ಬಿಸಿಲು. ಹದಿಮೂರು ವರ್ಷದ ಬೆಕ್ಕು ಎರಡು ದಿನದಿಂದ ವಾಂತಿ ಮಾಡುತ್ತಿದೆ, ಊಟ ಬಿಟ್ಟಿದೆ. ಕ್ರಿಯಾಟಿನಿನ್ 3.4 ಬಂತು. ಪಶುವೈದ್ಯರು ಅನುಸರಿಸುವ 'ಐರಿಸ್' ವಿಂಗಡಣೆಯಲ್ಲಿ 1.6ರಿಂದ 2.8ರವರೆಗೆ ಎರಡನೇ ಹಂತ, 2.9ರಿಂದ 5.0ರವರೆಗೆ ಮೂರನೆಯದು, ಅದರ ಮೇಲೆ ನಾಲ್ಕನೆಯದು. ಹಾಗಾದರೆ ಇದು ಮೂರನೇ ಹಂತವೇ? ಇಲ್ಲ, ಇನ್ನೂ ಹೇಳುವಂತಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೂ ಕ್ರಿಯಾಟಿನಿನ್ ಏರುತ್ತದೆ. ಮುದಿ ಬೆಕ್ಕಿನ ಚರ್ಮ ಹೇಗೂ ಸಡಿಲ. ಅದನ್ನು ಎಳೆದು ನೋಡುವುದಕ್ಕಿಂತ ಒಸಡು ಅಂಟಂಟಾಗಿದೆಯೇ ಎಂದು ಮುಟ್ಟಿ ನೋಡುವುದು ಮೇಲು.

ಡ್ರಿಪ್ ಹಾಕುವ ಮೊದಲೇ ಮೂತ್ರ ಹಿಡಿಯಬೇಕು, ಯಾಕೆಂದರೆ ಆಮೇಲೆ ಅದು ತೆಳ್ಳಗಾಗುತ್ತದೆ. ಒಂದು ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ಸಾಂದ್ರತೆ ಕಾಣುತ್ತದೆ. ಬಣ್ಣದ ಪಟ್ಟಿಯಲ್ಲಿ ಬರುವ ಸಾಂದ್ರತೆಯನ್ನು ಬೆಕ್ಕಿನ ವಿಷಯದಲ್ಲಿ ನಂಬಬೇಡಿ. ನೀರು ಬತ್ತಿದ ಬೆಕ್ಕಿನ ಕಿಡ್ನಿ ಚೆನ್ನಾಗಿದ್ದರೆ ಮೂತ್ರ ಗಟ್ಟಿಯಾಗಿ 1.035 ದಾಟಬೇಕು. ನಮ್ಮ ಬೆಕ್ಕಿನದು 1.018. ನೀರಿಲ್ಲದಿದ್ದಾಗಲೂ ಕಿಡ್ನಿ ನೀರನ್ನು ಉಳಿಸಿಕೊಳ್ಳುತ್ತಿಲ್ಲ. ಬರೀ ಬಿಸಿಲಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಡ್ರಿಪ್ ಆಯಿತು, ಬೆಕ್ಕು ಚೇತರಿಸಿಕೊಂಡು ಉಣ್ಣತೊಡಗಿತು. ಎರಡು ವಾರದ ನಂತರ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಕ್ರಿಯಾಟಿನಿನ್ 2.4, ಮತ್ತೆ ಕೆಲವು ವಾರ ಬಿಟ್ಟು ನೋಡಿದರೆ 2.5. ಈಗ ಹಂತ ಹೇಳಬಹುದು: ಎರಡನೆಯದು. ಮೊದಲ ದಿನದ 3.4ರಲ್ಲಿ ಒಂದು ಪಾಲು ನೀರಿನ ಕೊರತೆಯದ್ದಾಗಿತ್ತು.

ಇಲ್ಲಿಗೇ ನಿಂತರೂ ಮೋಸ ಹೋಗಬಹುದು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ನಾಲ್ಕೂವರೆ ಕಿಲೋ ಇದ್ದ ಬೆಕ್ಕು ಮೂರೂವರೆಗೆ ಇಳಿದು, ಬೆನ್ನೆಲುಬು ಕೈಗೆ ಸಿಗುತ್ತಿದ್ದರೆ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆಯೇ ಬರುತ್ತದೆ. ಮುದಿ ಬೆಕ್ಕುಗಳಲ್ಲಿ ಹೆಚ್ಚಾಗುವ ಥೈರಾಯ್ಡ್ ಕೂಡ ಹೀಗೆಯೇ ರೋಗ ಮರೆಮಾಚುತ್ತದೆ. ಆಗ ಎಸ್‌ಡಿಎಂಎ ಎಂಬ, ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸದ ಪರೀಕ್ಷೆ ನೆರವಿಗೆ ಬರುತ್ತದೆ. ಅದು ಮತ್ತೆ ಮತ್ತೆ 25 ದಾಟಿದರೆ ಬೆಕ್ಕನ್ನು ಮೂರನೇ ಹಂತದ್ದೆಂದೇ ನೋಡಿಕೊಳ್ಳಬೇಕು.

ಹಂತದ ಜೊತೆಗೆ ಮೂತ್ರದ ಪ್ರೋಟೀನ್ ಮತ್ತು ರಕ್ತದೊತ್ತಡವನ್ನೂ ನೋಡುತ್ತಾರೆ. ಒತ್ತಡ ಪದೇ ಪದೇ 160 ದಾಟುತ್ತಿದ್ದರೆ ಔಷಧ ಬೇಕಾಗುತ್ತದೆ. ಬಿಟ್ಟರೆ ಬೆಕ್ಕು ಇದ್ದಕ್ಕಿದ್ದಂತೆ ಕುರುಡಾಗಬಹುದು.

ಆದ್ದರಿಂದ ಹಳೆಯ ರಿಪೋರ್ಟ್‌ಗಳನ್ನು ಎಸೆಯಬೇಡಿ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಪ್ರತಿ ರಿಪೋರ್ಟಿನ ಮೇಲೆ ಅಂದಿನ ತೂಕ ಬರೆದಿಡಿ. ಮಂಕಾಗಿದೆಯೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಬೆಕ್ಕಿಗೆ ಅದು ವಿಷ.