ಪ್ರಶ್ನೆಯೊಳಗೆ ಮಾಯವಾಗುವ ಸೂತ್ರ

ರಸಾಯನಶಾಸ್ತ್ರದ ಪ್ರಶ್ನೆಕೋಶದ ಪಿಡಿಎಫ್‌ನಲ್ಲಿ ಹೀಗೊಂದು ಪ್ರಶ್ನೆ ಇದೆ ಎನ್ನೋಣ: ‘0.1 ಮೋಲಾರ್ ಸಾಂದ್ರತೆಯ 20 ಮಿ.ಲೀ. H₂SO₄ ದ್ರಾವಣವನ್ನು ತಟಸ್ಥಗೊಳಿಸಲು 0.1 ಮೋಲಾರ್ NaOH ಎಷ್ಟು ಬೇಕು?’ ಇದನ್ನು ನಕಲು ಮಾಡಿ ವರ್ಡ್ ಕಡತಕ್ಕೆ ಅಂಟಿಸಿದಾಗ H₂SO₄ ಬಿಟ್ಟುಹೋದರೂ ವಾಕ್ಯ ಮುರಿಯುವುದಿಲ್ಲ. ‘20 ಮಿ.ಲೀ. ದ್ರಾವಣವನ್ನು’ ಎಂದು ಸರಾಗವಾಗಿ ಓದಿಸಿಕೊಳ್ಳುತ್ತದೆ. ಆ ದ್ರಾವಣ HCl ಎಂದುಕೊಂಡವರಿಗೆ 20 ಮಿ.ಲೀ. ಉತ್ತರ ಬರುತ್ತದೆ. H₂SO₄ನ ಪ್ರತಿ ಅಣುವೂ ಎರಡು ಹೈಡ್ರೋಜನ್ ಅಯಾನುಗಳನ್ನು ಕೊಡುವುದರಿಂದ ಸರಿಯುತ್ತರ 40 ಮಿ.ಲೀ.

ಇದಕ್ಕೆ ಕಾರಣ ಪಿಡಿಎಫ್‌ನ ರಚನೆಯಲ್ಲಿದೆ. ಪುಟದ ಯಾವ ಜಾಗದಲ್ಲಿ ಯಾವ ಅಕ್ಷರ, ಯಾವ ಗೆರೆ, ಯಾವ ಚಿತ್ರ ಮೂಡಬೇಕು ಎಂಬ ಸೂಚನೆಗಳ ಪಟ್ಟಿ ಅದು. ನಕಲು ಮಾಡುವಾಗ ಅಕ್ಷರಗಳು ಮಾತ್ರ ಬರುತ್ತವೆ. ಪ್ರಶ್ನೆ ಬರೆದವರು ಸೂತ್ರವನ್ನು ಚಿತ್ರವಾಗಿ ಸೇರಿಸಿದ್ದರೆ, ಕಣ್ಣಿಗೆ ಕಾಣುವ H₂SO₄ನಲ್ಲಿ ಅಕ್ಷರವೇ ಇರುವುದಿಲ್ಲ. ಹಾಗಾಗಿ ಅದು ಪೂರ್ತಿ ಬಿಟ್ಟುಹೋಗುತ್ತದೆ.

ಸೂತ್ರ ಅಕ್ಷರಗಳಲ್ಲೇ ಇದ್ದರೂ ತೊಂದರೆ ತಪ್ಪದು. ಘಾತಾಂಕ ಎಂದರೆ ಪಿಡಿಎಫ್‌ಗೆ ತುಸು ಮೇಲೆ, ಚಿಕ್ಕದಾಗಿ ಮುದ್ರಿಸಿದ ಅಂಕಿ ಅಷ್ಟೇ. ನಕಲಿನಲ್ಲಿ ಆ ಎತ್ತರ ಅಳಿಸಿಹೋಗುತ್ತದೆ. ಅಸಿಟಿಕ್ ಆಮ್ಲದ ವಿಯೋಜನ ಸ್ಥಿರಾಂಕ 1.8 × 10⁻⁵ ಎಂಬುದು ‘1.8 × 10-5’ ಆಗುತ್ತದೆ. ಬರೆದಂತೆಯೇ ಲೆಕ್ಕ ಮಾಡಿದರೆ 18ರಲ್ಲಿ 5 ಕಳೆದು 13! ಭಿನ್ನರಾಶಿಯ ನಡುವಿನ ಅಡ್ಡಗೆರೆ ಕೂಡ ಬರಿಯ ಗೆರೆ. ಅದು ಹೋದರೆ ಅಂಶ ಒಂದು ಸಾಲಿಗೆ, ಛೇದ ಇನ್ನೊಂದು ಸಾಲಿಗೆ ಬೀಳುತ್ತವೆ.

ನಕಲು ಮಾಡುವ ಮೊದಲೇ ಇದನ್ನು ಪತ್ತೆಹಚ್ಚಬಹುದು. ಪಿಡಿಎಫ್ ತೆರೆದು `Ctrl+F` ಒತ್ತಿ `NaOH` ಎಂದು ಹುಡುಕಿ. ಪುಟದಲ್ಲಿ ಕಾಣುತ್ತಿದ್ದರೂ ಹುಡುಕಾಟಕ್ಕೆ ಸಿಗದಿದ್ದರೆ ಅದು ಬಹುಶಃ ಚಿತ್ರ. ಸಿಕ್ಕಿದರೂ ಅಡಿಅಂಕಿ, ಘಾತಾಂಕಗಳನ್ನು ಬೇರೆಯಾಗಿ ನೋಡಲೇಬೇಕು.

ಪ್ರಶ್ನೆ ಸಿದ್ಧಪಡಿಸಿದವರ ಮೂಲ ವರ್ಡ್ ಕಡತ ಸಿಕ್ಕಿದರೆ ಅದೇ ಒಳ್ಳೆಯದು. ಸಿಗದಿದ್ದರೆ ವಿಂಡೋಸ್‌ನಲ್ಲಿ `Windows+Shift+S` ಒತ್ತಿ ಇಡೀ ಪ್ರಶ್ನೆಯನ್ನೇ ಚಿತ್ರವಾಗಿ ಕತ್ತರಿಸಿಕೊಳ್ಳಬಹುದು. ಆದರೆ ಅಂಥ ಚಿತ್ರದಲ್ಲಿ ಮುಂದೆ ಅಂಕಿ ಬದಲಿಸಲಾಗದು, ಹಿಗ್ಗಿಸಿದರೆ ಮಸುಕಾಗುತ್ತದೆ. ಬದಲಾವಣೆ ಬೇಕಾಗುವ ಪ್ರಶ್ನೆಯಾದರೆ ವರ್ಡ್‌ನಲ್ಲಿ `Alt+=` ಒತ್ತಿ ಸಮೀಕರಣವನ್ನು ಹೊಸದಾಗಿ ಟೈಪ್ ಮಾಡುವುದೇ ಸರಿ.

ಕೊನೆಯ ಪರೀಕ್ಷೆಗೆ ಕಾಗದ, ಪೆನ್ನು ಸಾಕು. ಮೂಲ ಪಿಡಿಎಫ್ ಮುಚ್ಚಿಟ್ಟು, ಅಂಟಿಸಿದ ಪ್ರಶ್ನೆಯನ್ನಷ್ಟೇ ಓದಿ ಬಿಡಿಸಿ. ಮೇಲಿನ ಪ್ರಶ್ನೆಯಲ್ಲಿ ಯಾವ ಆಮ್ಲ ಎಂದು ತಿಳಿಯದೆ ಲೆಕ್ಕ ಅಲ್ಲಿಯೇ ನಿಲ್ಲುತ್ತದೆ. ಬಿಟ್ಟುಹೋದದ್ದು ಏನೆಂದು ಆಗ ಗೊತ್ತಾಗುತ್ತದೆ. ಕಣ್ಣಾಡಿಸಿ ಮುಂದೆ ಹೋದವರಿಗೆ ಅದು ಕಾಣುವುದಿಲ್ಲ, ಏಕೆಂದರೆ ವಾಕ್ಯ ಸರಿಯಾಗಿಯೇ ಇದೆ.