ಮಂಜು ಆರಕ್ಕೆ ಸರಿಯುತ್ತಾ?

ಮುಂಜಾವಿನ ವಿಮಾನಗಳ ಹೊತ್ತಿಗೆ ಮಂಜು ಸರಿಯುತ್ತದೋ ಇಲ್ಲವೋ ಎಂದು ಹವಾಮಾನದವರು ರಾತ್ರಿಯೇ ಹೇಗೆ ಹೇಳುತ್ತಾರೆ?

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಒಂದು ಜನವರಿ ರಾತ್ರಿಯನ್ನು ಊಹಿಸಿಕೊಳ್ಳಿ. ಮೂರು ಗಂಟೆ. ರಾತ್ರಿ ಪಾಳಿಯ ಮುನ್ಸೂಚಕಿ ಹೊರಬಂದು ತಲೆಯೆತ್ತುತ್ತಾರೆ. ಮಂಜಿನೊಳಗಿಂದ ನಕ್ಷತ್ರ ಕಂಡರೆ ಅದು ತೆಳು. ಇಂದು ಒಂದೂ ಇಲ್ಲ. ಉಷ್ಣಾಂಶ 15 ಡಿಗ್ರಿ, ಇಬ್ಬನಿ ಬಿಂದುವೂ 15. ಅಂದರೆ ಗಾಳಿ ಇನ್ನು ತೇವ ಹಿಡಿದಿಡಲಾರದು. ರನ್‌ವೇ ಮೇಲೆ ಕಾಣುವುದು 200 ಮೀಟರ್ ಮಾತ್ರ.

ಫೋನ್ ಬರುತ್ತದೆ. "ಮೇಡಂ, ಆರಕ್ಕೆ ಸರಿಯುತ್ತಾ?"

"ಆರಕ್ಕೆ ಸೂರ್ಯನೇ ಹುಟ್ಟಿರಲ್ಲ ಸರ್. ಗಾಳಿ ಎದ್ದರೆ ಮಾತ್ರ, ಅದರ ಸುಳಿವಿಲ್ಲ. ಎಂಟೂವರೆ ಅಂತ ಬರೆದಿದ್ದೀನಿ."

ಸೂರ್ಯ ಮಂಜನ್ನು ಮೇಲಿನಿಂದ ಕರಗಿಸುವುದಿಲ್ಲ. ಕಾವಲಿಗೆ ಚಿಮುಕಿಸಿದ ನೀರಿನಂತೆ ಅದು ಆರುವುದು ಕೆಳಗಿನ ಕಾವಿಗೆ. ಮಂಜಿನೊಳಗಿಂದ ಸೋಸಿ ಬಂದ ಬೆಳಕು ನೆಲವನ್ನು ಕಾಯಿಸಬೇಕು, ನೆಲ ಗಾಳಿಯನ್ನು ಕಾಯಿಸಬೇಕು, ಆಗ ಕೆಳಗಿನ ಹನಿಗಳು ಆವಿಯಾಗುತ್ತವೆ. ಮಂಜು ದಪ್ಪವಿದ್ದಷ್ಟೂ ಬೆಳಕು ಸೋಸುವುದು ಕಡಿಮೆ. ನಕ್ಷತ್ರ ನೋಡಿದ್ದು ಅದಕ್ಕೇ.

ಏಳು ಗಂಟೆ. ಸೂರ್ಯೋದಯವಾಗಿ ಕಾಲು ಗಂಟೆಯಾದರೂ ಕಾಣುವ ದೂರ 100 ಮೀಟರಿಗೆ ಇಳಿದಿದೆ! ಹೊಸ ಸಹಾಯಕ ಗಾಬರಿಯಾಗುತ್ತಾನೆ. ಇವರು ಮುನ್ಸೂಚನೆ ಬದಲಿಸುವುದಿಲ್ಲ. ಹುಲ್ಲಿನ ಇಬ್ಬನಿ ಆರಿ ಗಾಳಿಗೆ ಇನ್ನಷ್ಟು ತೇವ ಸೇರಿಸುವುದರಿಂದ ಬೆಳಗಾದ ಮೇಲೂ ಮಂಜು ಕೊಂಚ ಹೊತ್ತು ದಟ್ಟವಾಗುವುದುಂಟು.

8:20ಕ್ಕೆ ರನ್‌ವೇ ದೀಪಗಳ ಸಾಲು ಉದ್ದವಾಗುತ್ತದೆ. ಮಂಜು ನೆಲ ಬಿಟ್ಟು ತಗ್ಗು ಮೋಡವಾಗಿ ಮೇಲೇರಿದೆ. ಅವರು ಕೊನೆಗೂ ಕಾಫಿ ತರಿಸುತ್ತಾರೆ.