ಕೆನ್ನೆಯ ಕೊಬ್ಬು ತೆಗೆಸಿದರೆ ಮುಖ ಜೀವನಪೂರ್ತಿ ತೆಳ್ಳಗೆ ಉಳಿಯುತ್ತದೆಯೇ?

"ಒಂದು ಗಂಟೆಯೊಳಗೆ ಮುಗಿಯುತ್ತದೆ. ಹೊರಗೆ ಗಾಯದ ಗುರುತೇ ಇರುವುದಿಲ್ಲ. ತೆಗೆದ ಕೊಬ್ಬು ಮತ್ತೆ ಬೆಳೆಯುವುದಿಲ್ಲ. ಮುಖ ಶಾಶ್ವತವಾಗಿ ತೆಳ್ಳಗಾಗುತ್ತದೆ." ಬಕಲ್ ಫ್ಯಾಟ್ ರಿಮೂವಲ್ ಎಂಬ ಶಸ್ತ್ರಚಿಕಿತ್ಸೆಯ ಬಗ್ಗೆ ಓಡಾಡುವ ರೀಲ್ಸ್ ಮತ್ತು ಫಾರ್ವರ್ಡ್‌ಗಳ ಸಾರ ಇಷ್ಟು. ಅಮೆರಿಕದ ಮಾಡೆಲ್ ಕ್ರಿಸ್ಸಿ ಟೀಗನ್ ತಾವು ಇದನ್ನು ಮಾಡಿಸಿಕೊಂಡಿದ್ದಾಗಿ 2021ರಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ಹೇಳಿಕೊಂಡಿದ್ದರು. 2022ರ ಕೊನೆಯ ಹೊತ್ತಿಗೆ ಇದೊಂದು ದೊಡ್ಡ ಟ್ರೆಂಡ್ ಆಯಿತು.

ಮೇಲಿನ ನಾಲ್ಕು ಮಾತುಗಳಲ್ಲಿ ಮೊದಲ ಮೂರು ಬಹುಮಟ್ಟಿಗೆ ನಿಜ. ತಪ್ಪಿರುವುದು ನಾಲ್ಕನೆಯದರಲ್ಲಿ. ಹೇಗೆ ಎಂದು ನೋಡೋಣ.

ಯಾವುದು ಈ ಕೊಬ್ಬು?

ಕೆನ್ನೆಯಲ್ಲಿ ಎರಡು ಬಗೆಯ ಕೊಬ್ಬಿದೆ. ಒಂದು ಚರ್ಮದ ಕೆಳಗೇ ಹರಡಿಕೊಂಡಿರುವುದು. ಕೆನ್ನೆ ಹಿಂಡಿದಾಗ ಬೆರಳಿಗೆ ಸಿಗುವುದು, ತೂಕ ಹೆಚ್ಚಾದಾಗ ತುಂಬಿಕೊಳ್ಳುವುದು ಇದೇ. ಇನ್ನೊಂದು ಒಳಗೆ, ಕೆನ್ನೆಯ ಸ್ನಾಯುಗಳ ನಡುವೆ, ತೆಳುವಾದ ಪೊರೆಯೊಳಗೆ ಕುಳಿತ ಕೊಬ್ಬಿನ ಗಂಟು. ಇದೇ ಬಕಲ್ ಫ್ಯಾಟ್. 18ನೇ ಶತಮಾನದಲ್ಲಿ ಇದನ್ನು ಮೊದಲು ವಿವರಿಸಿದ ಹೈಸ್ಟರ್ ಎಂಬ ವೈದ್ಯರು ಇದೊಂದು ಗ್ರಂಥಿ ಎಂದುಕೊಂಡಿದ್ದರು. ಇದು ಬರಿಯ ಕೊಬ್ಬು ಎಂದು 1800ರ ಆಸುಪಾಸಿನಲ್ಲಿ ತಿಳಿಸಿದವರು ಫ್ರಾನ್ಸಿನ ಬಿಷಾ. ಅದಕ್ಕೇ ಕೆಲವು ಜಾಹೀರಾತುಗಳಲ್ಲಿ "ಬಿಷಾ ಸರ್ಜರಿ" ಎಂಬ ಹೆಸರೂ ಕಾಣುತ್ತದೆ.

ಹಸುಗೂಸುಗಳ ಗುಂಡು ಕೆನ್ನೆಗೆ ಇದೇ ಗಂಟು ಮುಖ್ಯ ಕಾರಣ. ಹಾಲು ಹೀರುವಾಗ ಕೆನ್ನೆ ಒಳಗೆ ಸೆಳೆದುಕೊಳ್ಳದಂತೆ ಅದು ತಡೆಯುತ್ತದೆ. ದೊಡ್ಡವರಲ್ಲಿ ಅಗಿಯುವಾಗ ಸ್ನಾಯುಗಳು ಒಂದರ ಮೇಲೊಂದು ಸಲೀಸಾಗಿ ಜಾರಲು ಮೆತ್ತೆಯಂತೆ ಕೆಲಸ ಮಾಡುತ್ತದೆ. ದೊಡ್ಡವರ ಒಂದೊಂದು ಕೆನ್ನೆಯಲ್ಲಿ ಇದು ಸುಮಾರು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು ಇರುತ್ತದೆ. ತೂಕ ಇಳಿಸಿದರೂ ಇದು ಚರ್ಮದಡಿಯ ಕೊಬ್ಬಿನಷ್ಟು ಕರಗುವುದಿಲ್ಲ. ಮೈ ಸಣಕಲಾಗಿದ್ದರೂ ಕೆಲವರ ಕೆನ್ನೆ ತುಂಬಿಕೊಂಡಿರುವುದು ಇದರಿಂದ.

ಡಾಕ್ಟರು ಏನು ಮಾಡುತ್ತಾರೆ?

ಮೊದಲು ಕೆನ್ನೆಯ ಒಳಭಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಮೇಲಿನ ದವಡೆ ಹಲ್ಲುಗಳ ಎದುರು, ಕೆನ್ನೆಯ ಒಳಗೋಡೆಯಲ್ಲಿ ಒಂದೆರಡು ಸೆಂಟಿಮೀಟರ್ ಉದ್ದ ಕೊಯ್ದು, ಅಲ್ಲಿನ ಸ್ನಾಯುವಿನ ಎಳೆಗಳನ್ನು ಬಿಡಿಸುತ್ತಾರೆ. ಹೊರಗಿನಿಂದ ಕೆನ್ನೆಯನ್ನು ಮೆಲ್ಲಗೆ ಒತ್ತಿದಾಗ ಹಳದಿ ಕೊಬ್ಬು ತಾನಾಗಿ ಉಬ್ಬಿ ಬರುತ್ತದೆ. ಬಂದಷ್ಟನ್ನು ಕತ್ತರಿಸಿ, ರಕ್ತ ನಿಲ್ಲಿಸಿ, ಕರಗುವ ದಾರದಿಂದ ಒಂದೆರಡು ಹೊಲಿಗೆ ಹಾಕುತ್ತಾರೆ. ಕೊಯ್ದದ್ದು ಬಾಯಿಯೊಳಗೆ, ಆದ್ದರಿಂದ ಹೊರಗೆ ಗುರುತು ಉಳಿಯುವುದಿಲ್ಲ.

ಇಲ್ಲಿ "ತಾನಾಗಿ ಬಂದಷ್ಟು" ಎಂಬುದು ಮುಖ್ಯ. ಅನುಭವಿ ಸರ್ಜನ್ ಇಡೀ ಗಂಟನ್ನು ತೆಗೆಯುವುದಿಲ್ಲ. ಸಾಮಾನ್ಯವಾಗಿ ಒಂದು ಕಡೆಯಿಂದ 2ರಿಂದ 4 ಮಿಲಿಲೀಟರ್ ತೆಗೆಯುತ್ತಾರೆ, ಅಂದರೆ ಹೆಚ್ಚೂಕಡಿಮೆ ಅರ್ಧ ಚಮಚ. ಬಲವಾಗಿ ಎಳೆದು ಹೆಚ್ಚು ತೆಗೆದರೆ ಎರಡು ತೊಂದರೆ. ಕೆನ್ನೆ ಬೇಕಾದ್ದಕ್ಕಿಂತ ಹೆಚ್ಚು ಗುಳಿ ಬೀಳಬಹುದು. ಜೊತೆಗೆ, ಈ ಗಂಟಿನ ಪಕ್ಕದಲ್ಲೇ ತುಟಿಯನ್ನು ಮೇಲೆತ್ತುವ ನರದ ಕವಲುಗಳೂ, ಮಂಗನಬಾವು ಬಂದಾಗ ಊದಿಕೊಳ್ಳುವ ಲಾಲಾರಸ ಗ್ರಂಥಿಯ ನಾಳವೂ ಹಾದುಹೋಗುತ್ತವೆ. ಅವಕ್ಕೆ ಪೆಟ್ಟಾಗಬಹುದು.

ಒಂದು ಮುಖವನ್ನು ಹಿಂಬಾಲಿಸಿ ನೋಡೋಣ

23 ವರ್ಷದ ಒಬ್ಬ ಯುವತಿ ಎಂದುಕೊಳ್ಳೋಣ. ಮದುವೆಗೆ ಒಂದು ತಿಂಗಳಿದೆ, ಫೋಟೋದಲ್ಲಿ ಮುಖ ಗುಂಡಗೆ ಕಾಣುತ್ತದೆ ಎಂದು ಒಂದೊಂದು ಕೆನ್ನೆಯಿಂದ 3 ಮಿಲಿಲೀಟರ್ ತೆಗೆಸುತ್ತಾಳೆ.

ಮೂರನೇ ದಿನಕ್ಕೆ ಮುಖ ಮೊದಲಿಗಿಂತ ದಪ್ಪ ಕಾಣುತ್ತದೆ, ಏಕೆಂದರೆ ಬಾವು ಬಂದಿರುತ್ತದೆ. ಕೆಲವು ದಿನ ಗಂಜಿ, ಮೆತ್ತನೆಯ ಅನ್ನದಂಥ ಊಟವೇ ಗತಿ. ಊತ ಹೆಚ್ಚಿನಂಶ ಇಳಿಯಲು ಕೆಲವು ವಾರ ಬೇಕು, ಕೆನ್ನೆಯ ನಿಜವಾದ ಆಕಾರ ತಿಳಿಯಲು ಮೂರರಿಂದ ಆರು ತಿಂಗಳು. ಹಾಗಾಗಿ ಮದುವೆಯ ಫೋಟೋಗೆ ಇದರಿಂದ ಹೆಚ್ಚು ಪ್ರಯೋಜನ ಸಿಗುವುದಿಲ್ಲ. ಕ್ಲಿನಿಕ್‌ನಿಂದ ಎದ್ದ ಕೂಡಲೇ ಕೆನ್ನೆ ಗುಳಿಬಿದ್ದಂತೆ ತೋರಿಸುವ ವಿಡಿಯೋ ಬಂದರೆ ಅನುಮಾನಿಸಿ. ಮೇಲಿನಿಂದ ಬೆಳಕು ಬಿಟ್ಟು, ಕೆನ್ನೆಯನ್ನು ತುಸು ಒಳಗೆಳೆದುಕೊಂಡರೂ ಅದೇ ನೆರಳು ಬೀಳುತ್ತದೆ.

ಆರು ತಿಂಗಳ ನಂತರ ಕೆನ್ನೆಮೂಳೆಯ ಕೆಳಗಿನ ಉಬ್ಬು ಇಳಿದಿದೆ, ಆಕೆಗೆ ಖುಷಿಯಾಗಿದೆ. ತೆಗೆದ ಕೊಬ್ಬು ಮತ್ತೆ ಹುಟ್ಟುವುದಿಲ್ಲ ಎಂಬುದು ನಿಜ. ಆದರೆ ತೂಕ ಏರಿದರೆ ಚರ್ಮದಡಿಯ ಕೊಬ್ಬು ಹೆಚ್ಚಿ ಮುಖ ಮತ್ತೆ ತುಂಬಿಕೊಳ್ಳಬಹುದು. "ಏನು ತಿಂದರೂ ಮುಖ ತೆಳ್ಳಗೇ ಇರುತ್ತದೆ" ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು.

ಇನ್ನು ಮುಂದಿನ 20 ವರ್ಷ. ವಯಸ್ಸಾದಂತೆ ಎಲ್ಲರ ಮುಖದಲ್ಲೂ ಕೆಲವು ಬದಲಾವಣೆಗಳು ನಡೆಯುತ್ತವೆ. ಕೆನ್ನೆಯ ಮೇಲ್ಭಾಗದ ಆಳದ ಕೊಬ್ಬು ಕುಗ್ಗುತ್ತದೆ. ಮೇಲ್ದವಡೆಯ ಮತ್ತು ಕಣ್ಣಿನ ಸುತ್ತಲಿನ ಮೂಳೆ ನಿಧಾನವಾಗಿ ಸವೆಯುತ್ತದೆ. ಚರ್ಮದ ಬಿಗಿ ಸಡಿಲವಾಗುತ್ತದೆ. ಗುಡಾರದ ಗೂಟಗಳು ಗಿಡ್ಡವಾದರೆ ಬಟ್ಟೆ ಜೋಲುವ ಹಾಗೆ, ಒಳಗಿನ ಆಧಾರ ತಗ್ಗಿದಾಗ ಚರ್ಮ ಇಳಿಬೀಳುತ್ತದೆ. 23ರಲ್ಲಿ ತುಂಬಿದ ಮುಖದಿಂದ 3 ಮಿಲಿಲೀಟರ್ ಹೋದದ್ದು ಚೂಪಾದ ಅಂದವಾಗಿ ಕಂಡಿತು. 45ರಲ್ಲಿ, ಉಳಿದ ಕೊಬ್ಬೂ ಕಡಿಮೆಯಾದಾಗ, ಅದೇ 3 ಮಿಲಿಲೀಟರ್‌ನ ಕೊರತೆ ಬತ್ತಿದ ಕೆನ್ನೆಯಾಗಿ ಕಾಣಬಹುದು. ಕಾಯಿಲೆ ಬಿದ್ದು ಎದ್ದವರಂತೆ ಅಥವಾ ವಯಸ್ಸಿಗಿಂತ ದೊಡ್ಡವರಂತೆ ತೋರಬಹುದು.

"ಬಹುದು" ಎಂದು ಬರೆಯಲು ಕಾರಣವಿದೆ. ಈ ವಿಷಯದಲ್ಲಿ ಸರ್ಜನ್‌ಗಳೇ ಒಂದೇ ಅಭಿಪ್ರಾಯದವರಲ್ಲ. ಈ ಗಂಟು ನಿಜಕ್ಕೂ ದೊಡ್ಡದಿರುವ, ಅಗಲ ಮುಖದವರಲ್ಲಿ ಮಿತವಾಗಿ ತೆಗೆದರೆ ಮುಂದೆ ತೊಂದರೆ ಆಗಲಿಕ್ಕಿಲ್ಲ ಎನ್ನುವವರಿದ್ದಾರೆ. ಕೆಲವರಲ್ಲಿ ವಯಸ್ಸಾದಾಗ ಈ ಗಂಟು ಕೆಳಕ್ಕೆ ಜಾರಿ ಬಾಯಿಯ ಪಕ್ಕ ಜೋಲುವುದೂ ಉಂಟು. ಈಗಾಗಲೇ ತೆಳು, ಉದ್ದ ಮುಖದವರಿಗೆ ಇದು ಬೇಡ ಎನ್ನುವುದರಲ್ಲಿ ಮಾತ್ರ ಹೆಚ್ಚಿನವರು ಒಪ್ಪುತ್ತಾರೆ. ಮಾಡಿಸಿಕೊಂಡವರನ್ನು 20-30 ವರ್ಷ ಹಿಂಬಾಲಿಸಿ ನೋಡಿದ ಒಳ್ಳೆಯ ಅಧ್ಯಯನಗಳು ತೀರಾ ಕಡಿಮೆ. ಆದ್ದರಿಂದ "ಮುಖ ಹಾಳಾಗುವುದು ಖಂಡಿತ" ಎಂಬ ಫಾರ್ವರ್ಡ್ ಕೂಡ "ಏನೂ ಆಗುವುದಿಲ್ಲ" ಎಂಬುದರಷ್ಟೇ ಆಧಾರವಿಲ್ಲದ್ದು.

ಬೇಡವೆನಿಸಿದರೆ ಮತ್ತೆ ತುಂಬಿಸಬಹುದಲ್ಲ?

ತುಂಬಿಸಬಹುದು, ಆದರೆ ಅದು ಮೊದಲಿನಂತೆ ಆಗುವುದಿಲ್ಲ. ಫಿಲ್ಲರ್ ಇಂಜೆಕ್ಷನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹೈಯಲುರಾನಿಕ್ ಆಮ್ಲದ ಜೆಲ್. ಅದು ಕಾಲಕ್ರಮದಲ್ಲಿ ಕರಗುವುದರಿಂದ ಮತ್ತೆ ಮತ್ತೆ ಹಾಕಿಸಬೇಕು, ಪ್ರತಿ ಸಲವೂ ದುಡ್ಡು. ಹೊಟ್ಟೆ ಅಥವಾ ತೊಡೆಯ ಕೊಬ್ಬು ತೆಗೆದು ಕೆನ್ನೆಗೆ ತುಂಬುವ ವಿಧಾನವೂ ಇದೆ. ಅದರಲ್ಲಿ ಒಂದು ಪಾಲನ್ನು ದೇಹ ಹೀರಿಕೊಳ್ಳುತ್ತದೆ, ಎಷ್ಟು ಉಳಿಯುತ್ತದೆ ಎಂದು ಮೊದಲೇ ಹೇಳಲಾಗದು. ಪೊರೆಯೊಳಗಿನ ಮೂಲ ಗಂಟನ್ನು ಇದ್ದ ಹಾಗೆ ಕೂರಿಸುವ ವಿಧಾನ ಇಲ್ಲ.

ನಮ್ಮಲ್ಲಿ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಅಡಿಕೆ, ಗುಟ್ಕಾ ಜಗಿಯುವ ಚಟದಿಂದ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆ ಬರುತ್ತದೆ. ಅದರ ಶಸ್ತ್ರಚಿಕಿತ್ಸೆಯಲ್ಲಿ ಬಿಗಿದ ಪಟ್ಟಿಗಳನ್ನು ಕತ್ತರಿಸಿದ ಮೇಲೆ ಉಳಿಯುವ ಗಾಯವನ್ನು ಮುಚ್ಚಲು ಡಾಕ್ಟರುಗಳು ಹಲವು ಸಲ ಬಳಸುವುದು ಇದೇ ಕೊಬ್ಬಿನ ಗಂಟನ್ನು. ಬಾಯಿಯೊಳಗಿನ ಬೇರೆ ಗಾಯಗಳಿಗೂ ಇದು ಕೈಗೆಟಕುವ ತೇಪೆ. "ದೇಹಕ್ಕೆ ಬೇಡದ ಕೊಬ್ಬು" ಎಂಬ ಜಾಹೀರಾತಿನ ಮಾತು ಅಷ್ಟು ಸರಿಯಲ್ಲ.

ಮುಖ ಅಗಲ ಕಾಣಲು ಕಾರಣ ಇದೇ ಎಂದು ತಿಳಿಯುವುದು ಹೇಗೆ?

ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಅಲ್ಲಿ ಗಟ್ಟಿ ಉಬ್ಬು ಎದ್ದು, ಮುಖದ ಅಗಲ ಅಲ್ಲೇ ಹೆಚ್ಚಾಗಿದ್ದರೆ ಅದು ಅಗಿಯುವ ಸ್ನಾಯು. ಬಕಲ್ ಫ್ಯಾಟ್ ತೆಗೆದರೆ ಅದು ಕಡಿಮೆಯಾಗುವುದಿಲ್ಲ. ಕೆನ್ನೆಯನ್ನು ಹಿಂಡಿದಾಗ ದಪ್ಪ ಪದರ ಸಿಕ್ಕರೆ ಅದು ಚರ್ಮದಡಿಯ ಕೊಬ್ಬು, ತೂಕದೊಂದಿಗೆ ಹೆಚ್ಚು ಕಡಿಮೆ ಆಗುವಂಥದ್ದು. ಬಕಲ್ ಫ್ಯಾಟ್‌ನ ಉಬ್ಬು ಕಾಣುವುದು ಕೆನ್ನೆಮೂಳೆಯ ಕೆಳಗೆ, ಬಾಯಿಯ ಮೂಲೆಗೂ ಕಿವಿಗೂ ನಡುವೆ. ಇದು ಅಂದಾಜು ಪರೀಕ್ಷೆ ಅಷ್ಟೇ, ಖಚಿತವಾಗಿ ಹೇಳಬೇಕಾದವರು ಡಾಕ್ಟರು. ಇದನ್ನು ಮಾಡಬೇಕಾದವರು ಪ್ಲಾಸ್ಟಿಕ್ ಸರ್ಜನ್ ಅಥವಾ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಕರು. ಬ್ಯೂಟಿ ಪಾರ್ಲರ್‌ನಲ್ಲಿ ಮಾಡಿಸುವ ಕೆಲಸ ಇದಲ್ಲ.

ಆಗಲೇ ನಿರ್ಧರಿಸಿರುವವರು ಡಾಕ್ಟರನ್ನು ಕೇಳಬೇಕಾದ್ದು: ನನ್ನ ಕೆನ್ನೆಯ ಉಬ್ಬಿಗೆ ಕಾರಣ ಇದೇನಾ? ಎಷ್ಟು ತೆಗೆಯುತ್ತೀರಿ, ಎಷ್ಟು ಉಳಿಸುತ್ತೀರಿ? ನನ್ನ ಮುಖ 45ರಲ್ಲಿ ಹೇಗಿರಬಹುದು? ಕೊನೆಯ ಪ್ರಶ್ನೆಗೆ ಅಪ್ಪ-ಅಮ್ಮನ ಈಗಿನ ಫೋಟೋ ತೋರಿಸಿ. ಅವರ ಕೆನ್ನೆ ವಯಸ್ಸಾದಂತೆ ಗುಳಿಬಿದ್ದಿದ್ದರೆ ನಿಮ್ಮದೂ ಆ ದಾರಿ ಹಿಡಿಯುವ ಸಾಧ್ಯತೆ ಇದೆ.

ಮಾಡಿಸಿಕೊಂಡ ಮೇಲೆ ಒಂದೇ ಕಡೆ ಗಟ್ಟಿಯಾಗಿ ಬೇಗಬೇಗನೆ ಊದಿಕೊಂಡರೆ ಒಳಗೆ ರಕ್ತ ತುಂಬುತ್ತಿರಬಹುದು. ಊಟ ಮಾಡುವಾಗಲೆಲ್ಲ ಕೆನ್ನೆ ಊದಿದರೆ ಲಾಲಾರಸದ ನಾಳಕ್ಕೆ ಪೆಟ್ಟಾಗಿರಬಹುದು. ಮರಗಟ್ಟಿದ್ದು ಇಳಿದ ಮೇಲೂ ನಕ್ಕಾಗ ತುಟಿ ಒಂದು ಕಡೆ ಏಳದಿದ್ದರೆ ನರಕ್ಕೆ ತೊಂದರೆಯಾಗಿರಬಹುದು. ಜ್ವರ, ಕೀವು, ಬಾಯಿ ತೆರೆಯಲಾಗದಿರುವುದು ಸೋಂಕಿನ ಲಕ್ಷಣ. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು.

ಒಟ್ಟಿನಲ್ಲಿ: ತೆಗೆದ ಕೊಬ್ಬು ಮರಳಿ ಬರುವುದಿಲ್ಲ ಎಂಬುದು ನಿಜ. ಅದರಿಂದ ಮುಖ ಶಾಶ್ವತವಾಗಿ ಒಂದೇ ಥರ ಚೆಂದ ಇರುತ್ತದೆ ಎಂಬುದು ಸುಳ್ಳು. ಆ ಫಾರ್ವರ್ಡ್ ಮತ್ತೆ ನಿಮ್ಮ ಗ್ರೂಪ್‌ಗೆ ಬಂದರೆ, ಈ ಎರಡು ವಾಕ್ಯಗಳನ್ನು ಅದರ ಕೆಳಗೆ ಹಾಕಿ.